ಸಮುದ್ರದ ಕಡೆಯ ರೂಮು, ಇಬ್ಬರಿಗೆ

ವಿಜಯವಾಡಕ್ಕೆ ವರ್ಗವಾಗಿ ಬಂದ ಮೇಲೆ ನನ್ನನ್ನು ಕನ್ನಡದಲ್ಲಿ ಮಾತಾಡಿಸುತ್ತಿದ್ದವರು ಇಬ್ಬರೇ. ಒಬ್ಬಳು, ನಾನೇ. ಇನ್ನೊಬ್ಬರು ತುಮಕೂರಿನಿಂದ ಆಗಾಗ ಫೋನ್ ಮಾಡುತ್ತಿದ್ದ ಭಾವ. ಗವರ್ನರ್‌ಪೇಟೆಯ ನಮ್ಮ ಬ್ಯಾಂಕಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ತೆಲುಗು, ಇಂಗ್ಲಿಷು. ರೂಮಿಗೆ ಬಂದರೆ ಗೋಡೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಗಟ್ಟಿಯಾಗಿ ನನಗೇ ಬೈದುಕೊಂಡು, ಆ ದನಿ ಕೇಳಿ ನಾನೇ ಬೆಚ್ಚಿದ್ದುಂಟು.

ಭಾವ ಎಂದರೆ ನನ್ನ ಒಬ್ಬಳೇ ಅಕ್ಕನ ಗಂಡ, ಹೈಸ್ಕೂಲು ಮೇಷ್ಟ್ರು. ಮನೆಯಲ್ಲಿ ಯಾರಾದರೂ ಮುಖ ಗಂಟು ಹಾಕಿಕೊಂಡರೆ ಅವರಿಗೆ ಅನ್ನ ಇಳಿಯುವುದಿಲ್ಲ. ಅಂಥವರ ಹೆಂಡತಿಗೂ ನಾದಿನಿಯಾದ ನನಗೂ ವರ್ಷಗಟ್ಟಲೆ ಮಾತಿರಲಿಲ್ಲ. ಅಕ್ಕನ ಮಗನ ಮುಂಜಿಗೆ ರಜ ಸಿಗದೆ ನಾನು ತಡವಾಗಿ ಹೋಗಿದ್ದೆ. ಎಲ್ಲರೂ ಎಲೆಯ ಮುಂದೆ ಕೂತಿದ್ದಾಗ ಅಕ್ಕ, "ಬ್ಯಾಂಕಿನೋರಿಗೆ ನೆಂಟ್ರು ಯಾಕೆ ಬೇಕು ಬಿಡಿ" ಎಂದಳು. ನಾನು ಉಣ್ಣದೆ ಎದ್ದು ಬಸ್‌ಸ್ಟ್ಯಾಂಡಿಗೆ ಹೋದೆ. ಅವಳು ಕರೆಯಲಿಲ್ಲ, ನಾನು ತಿರುಗಿ ನೋಡಲಿಲ್ಲ. ಜಗಳ ಅಷ್ಟೇ. ಅದಕ್ಕಿಂತ ದೊಡ್ಡ ಕಾರಣವಿದ್ದಿದ್ದರೆ ಎಂದೋ ಮುಗಿದುಹೋಗುತ್ತಿತ್ತೇನೋ.

ಹೀಗಿರುವಾಗ ಭಾವ ಒಂದು ಭಾನುವಾರ ಫೋನ್ ಮಾಡಿ, "ನಿಮ್ಮಕ್ಕ ಒಪ್ಪಿದ್ದಾಳಮ್ಮ" ಎಂದರು. ದಸರಾ ರಜೆಗೆ ಇಬ್ಬರೂ ವಿಶಾಖಪಟ್ಟಣಕ್ಕೆ ಬರುತ್ತಾರಂತೆ. ಭಾವನ ಹಳೆಯ ಗೆಳೆಯರೊಬ್ಬರು ಅಲ್ಲಿದ್ದಾರೆ, ಭಾವ ಅವರ ಮನೆಯಲ್ಲಿ ಉಳಿಯುತ್ತಾರೆ. "ನೀವಿಬ್ರೂ ಒಂದು ಒಳ್ಳೆ ಹೋಟ್ಲಲ್ಲಿರಿ, ಸಮುದ್ರ ನೋಡ್ಕೊಂಡು. ರೂಮು ನೀನೇ ಬುಕ್ ಮಾಡು. ಅವ್ಳು ಸಮುದ್ರಾನೇ ನೋಡಿಲ್ಲ."

ಅವತ್ತು ನಾನು ಮಾಡಿದ ಅಡುಗೆ ಚೆನ್ನಾಗಿತ್ತು. ಬೈದುಕೊಳ್ಳಲು ಏನೂ ಸಿಗಲಿಲ್ಲ.

ಬೀಚ್ ರಸ್ತೆಯ ಒಂದು ಹೋಟೆಲಿನ ಹೆಸರನ್ನು ಸಹೋದ್ಯೋಗಿಗಳ ಬಾಯಲ್ಲಿ ಕೇಳಿದ್ದೆ. ಬ್ಯಾಂಕಿನ ಹತ್ತಿರದ ಇಂಟರ್‌ನೆಟ್ ಸೆಂಟರಿಗೆ ಹೋಗಿ ಆ ಹೆಸರು ಟೈಪ್ ಮಾಡಿದೆ. ಮೊದಲು ಬಂದದ್ದನ್ನೇ ಒತ್ತಿದೆ. ಹೋಟೆಲಿನ ಫೋಟೊ, ಹೋಟೆಲಿನ ಗುರುತು, ಬಾಲ್ಕನಿಯಾಚೆ ನೀಲಿ ನೀರು. 'ಸಮುದ್ರದ ಕಡೆಯ ರೂಮು, ಇಬ್ಬರಿಗೆ' ಎಂಬುದನ್ನು ಆರಿಸಿ ಎರಡೂ ಹೆಸರು ತುಂಬಿದೆ. ಅಕ್ಕನ ಹೆಸರನ್ನು ಅಷ್ಟು ವರ್ಷಗಳ ಮೇಲೆ ಬರೆಯುತ್ತಿದ್ದೆ, ಬೆರಳು ಸ್ವಲ್ಪ ತಡೆಯಿತು. ಒಂದು ರಾತ್ರಿಯ ಬಾಡಿಗೆಯನ್ನು ಮುಂಗಡವಾಗಿ ಒಂದು ಖಾತೆಗೆ ಕಟ್ಟಬೇಕೆಂದಿತ್ತು. ಕಟ್ಟಿದೆ. ಮಾರನೆಯ ದಿನ ಇಮೇಲಿನಲ್ಲಿ ವೋಚರು ಬಂತು. ಕನ್‌ಫರ್ಮ್ಡ್ ಎಂಬ ದಪ್ಪಕ್ಷರ, ಅದರ ಕೆಳಗೆ ಉದ್ದನೆಯ ನಂಬರು. ಹದಿನೈದು ವರ್ಷ ಬ್ಯಾಂಕಿನಲ್ಲಿದ್ದವರಿಗೆ ನಂಬರಿರುವ ಕಾಗದ ಕಂಡರೆ ಒಂದು ಭಕ್ತಿ. ಆದರೂ ನಾನು ಎಚ್ಚರದ ಹೆಂಗಸು. ವೋಚರಿನ ಮೇಲಿದ್ದ ಫೋನಿಗೆ ಮಾಡಿ, ಬುಕಿಂಗ್ ಖಚಿತ ತಾನೇ ಎಂದು ಕೇಳಿದೆ. "ಹಂಡ್ರೆಡ್ ಪರ್ಸೆಂಟ್ ಮೇಡಮ್" ಎಂದಿತು ಒಂದು ಗಂಡುದನಿ. ನೆಮ್ಮದಿಯಾಯಿತು.

ಆ ವಾರದಲ್ಲೇ ಒಂದು ಮಧ್ಯಾಹ್ನ ನಮ್ಮ ಕೌಂಟರಿಗೆ ದೊಡ್ಡ ಮೊತ್ತದ ಡಿಮಾಂಡ್ ಡ್ರಾಫ್ಟು ಬಂತು. ಬೇರೆ ಊರಿನ ನಮ್ಮದೇ ಶಾಖೆಯದು. ಅಂಥದ್ದು ಬಂದಾಗ ಡ್ರಾಫ್ಟು ಕೊಟ್ಟ ಶಾಖೆಗೆ ಫೋನ್ ಮಾಡಿ, ನೀವು ಕೊಟ್ಟದ್ದು ನಿಜವೇ ಎಂದು ಕೇಳಿಕೊಳ್ಳುವುದು ನಮ್ಮ ರೂಢಿ. ಪಕ್ಕದ ಮೇಜಿನ ಸಹೋದ್ಯೋಗಿ, ಡ್ರಾಫ್ಟಿನ ಜೊತೆ ಬಂದಿದ್ದ ಪತ್ರದ ಮೇಲಿನ ನಂಬರನ್ನೇ ಒತ್ತಲು ಹೊರಟಿದ್ದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಅದಲ್ಲ ರೀ, ನಮ್ಮ ಡೈರೆಕ್ಟರಿಯಲ್ಲಿರೋ ನಂಬರಿಗೆ ಮಾಡಿ" ಎಂದು ತೆಲುಗಿನಲ್ಲಿ ಗದರಿದೆ. "ಡ್ರಾಫ್ಟು ಕಳ್ಳನದಾದ್ರೆ ಪತ್ರಾನೂ ಅವನದೇ, ಫೋನ್ ಎತ್ತೋನೂ ಅವನೇ ಅಲ್ವಾ?"

ಹೇಳಿ ಮುಗಿಸಿದೆ. ನನ್ನ ಬ್ಯಾಗಿನಲ್ಲಿದ್ದ ವೋಚರು ನೆನಪಾಯಿತು.

ಡ್ರಾಫ್ಟೇನೋ ನಿಜವಾದದ್ದೇ ಆಗಿತ್ತು. ಊಟದ ಬಿಡುವಿನಲ್ಲಿ ನಾನು ಟೆಲಿಫೋನ್ ವಿಚಾರಣೆಗೆ ಮಾಡಿ ವಿಶಾಖಪಟ್ಟಣದ ಆ ಹೋಟೆಲಿನ ನಂಬರು ಕೇಳಿದೆ. ಅವರು ಕೊಟ್ಟದ್ದು ಲ್ಯಾಂಡ್‌ಲೈನು. ವೋಚರಿನ ಮೇಲಿದ್ದದ್ದು ಮೊಬೈಲು. ಅಲ್ಲೇ ಅರ್ಧ ಗೊತ್ತಾಯಿತು. ಹೋಟೆಲಿನ ರಿಸರ್ವೇಷನ್ ಮೇಜಿನಲ್ಲಿದ್ದವಳು ನಿಧಾನದ ಹುಡುಗಿ. ನನ್ನ ಹೆಸರಲ್ಲಿ ನೋಡಿದಳು, ಅಕ್ಕನ ಹೆಸರಲ್ಲಿ ನೋಡಿದಳು, ಬರುವ ತಾರೀಖಿನ ಪಟ್ಟಿಯನ್ನೆಲ್ಲ ನೋಡಿದಳು. ಏಜೆಂಟರು ಮಾಡಿದ್ದರೆ ಕೆಲವೊಮ್ಮೆ ಅವರ ಹೆಸರಲ್ಲೇ ಇರುತ್ತದೆ, ಯಾರ ಮೂಲಕ ಮಾಡಿದಿರಿ ಎಂದು ಕೇಳಿದಳು. ವೆಬ್‌ಸೈಟಿನ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿದೆ.

"ಅದಿ ಮಾದಿ ಕಾದಂಡಿ" ಎಂದಳು. ಅದು ನಮ್ಮದಲ್ಲ. ಹೋಟೆಲಿನ ಹೆಸರಿನ ಹಿಂದೆ ಇನ್ನೊಂದು ಪದ ಅಂಟಿಸಿ ಯಾರೋ ಮಾಡಿಕೊಂಡದ್ದು. ಹೋಟೆಲಿನ ಬುಕಿಂಗ್ ನಂಬರುಗಳು ನನ್ನದರಷ್ಟು ಉದ್ದ ಇರುವುದೂ ಇಲ್ಲವಂತೆ. "ಮುಂಗಡ ಯಾವ ಹೆಸರಿಗೆ ಕಟ್ಟಿದ್ರಿ ಮೇಡಮ್?"

ರಸೀತಿ ತೆಗೆದು ನೋಡಿದೆ. ಒಬ್ಬ ಮನುಷ್ಯನ ಹೆಸರು, ಅವನ ಉಳಿತಾಯ ಖಾತೆ. ಹೋಟೆಲಿನ ಹಣ ಯಾರೋ ಒಬ್ಬನ ಉಳಿತಾಯ ಖಾತೆಗೆ ಯಾಕೆ ಹೋಗುತ್ತದೆ ಎಂದು ಕೌಂಟರಿನಾಚೆ ನಿಂತ ಗಿರಾಕಿಯನ್ನಾದರೆ ನಾನು ಕೇಳಿಯೇ ಕೇಳುತ್ತಿದ್ದೆ. ಬಾಲ್ಕನಿ, ನೀಲಿ ನೀರು, ಅಕ್ಕ, ಇಷ್ಟರಲ್ಲಿ ನನ್ನ ಬುದ್ಧಿ ರಜ ಹಾಕಿತ್ತು.

ಆ ಖಾತೆಯಿದ್ದ ಬ್ಯಾಂಕಿಗೆ ಬರೆದುಕೊಟ್ಟೆ, ಠಾಣೆಗೂ ದೂರು ಕೊಟ್ಟೆ. ದುಡ್ಡು ಹೋಯಿತು, ಅದರ ಕತೆ ಅಲ್ಲಿಗೇ ಬಿಡೋಣ. ನನಗೆ ಆಗಿದ್ದ ಭಯವೇ ಬೇರೆ. ಅಕ್ಕ ಇಷ್ಟು ದೂರ ಬಂದು, ಚೀಲ ಹಿಡಿದು ಹೋಟೆಲಿನ ಮೇಜಿನ ಮುಂದೆ ನಿಂತು, ನಿಮ್ಮ ಹೆಸರು ಇಲ್ಲಿಲ್ಲ ಎನಿಸಿಕೊಂಡಿದ್ದರೆ? ಒಮ್ಮೆ ಎಲೆಯ ಮುಂದಿನಿಂದ ಎದ್ದು ಹೋದವಳು ನಾನು. ಈ ಸಲ ಅವಳು ಹೋಗುತ್ತಿದ್ದಳು, ಮತ್ತೆ ಬರುತ್ತಿರಲಿಲ್ಲ.

ಅದೇ ಹೋಟೆಲಿನಲ್ಲಿ ನೇರವಾಗಿ ರೂಮು ಹೇಳಿದೆ. ಹಣವನ್ನು ಅಲ್ಲಿಗೆ ಬಂದ ಮೇಲೆ ಕೊಟ್ಟರೆ ಸಾಕು ಎಂದರು. ಬ್ಯಾಂಕಿನ ಫ್ಯಾಕ್ಸಿಗೆ ಖಚಿತಪತ್ರ ಕಳಿಸಿದರು. ನಾನು ಅದನ್ನೂ ನಂಬದೆ ಮರುದಿನ ಮತ್ತೆ ಅದೇ ಲ್ಯಾಂಡ್‌ಲೈನಿಗೆ ಮಾಡಿದೆ. ಈ ಸಲ ಬೇರೆಯವರು ಎತ್ತಿದರು. ನಾನು ಏನೂ ಸುಳಿವು ಕೊಡದೆ ಬರೀ ನನ್ನ ಹೆಸರು ಹೇಳಿದೆ. ತಾರೀಖು, ಸಮುದ್ರದ ಕಡೆ, ಇಬ್ಬರು, ಎಲ್ಲವನ್ನೂ ಅವರೇ ಓದಿ ಹೇಳಿದರು. ಕೊನೆಗೆ, "ಇಬ್ಬರೂ ಬರೋದು ಕನ್‌ಫರ್ಮಾ ಮೇಡಮ್?" ಎಂದರು.

"ಕನ್‌ಫರ್ಮ್" ಎಂದು ಫೋನಿಟ್ಟೆ. ಕೈ ಮಾತ್ರ ಫೋನಿನ ಮೇಲೆಯೇ ಉಳಿಯಿತು.

ಯಾರು ಹೇಳಿದ್ದು ನನಗೆ? ಭಾವ. ಅಕ್ಕ ಒಪ್ಪಿದ್ದಾಳೆ ಎಂದವರು ಭಾವ. ಆಮೇಲೆ ನಾನು, ನಿಜವಾಗಿಯೂ ಬರುತ್ತಾಳಾ ಎಂದು ಮೂರು ಸಲ ಕೇಳಿದ್ದೂ ಭಾವನನ್ನೇ. ಮೂರು ಸಲವೂ ಅವರು, "ಖಂಡಿತ ಕಣಮ್ಮ" ಎಂದಿದ್ದರು. ಪಾಪ, ಆ ಮನುಷ್ಯ ಇನ್ನೇನು ಹೇಳಿಯಾನು?

ಭಾವ ಸ್ಕೂಲಿನಲ್ಲಿರುವ ಹೊತ್ತು ನೋಡಿ ಮನೆಗೆ ಫೋನ್ ಮಾಡಿದೆ. ಅಕ್ಕನೇ ಎತ್ತಿದಳು. ಹಿಂದೆ ಕುಕ್ಕರ್ ಕೂಗುತ್ತಿತ್ತು.

"ಅಕ್ಕಾ, ನಾನು."

ಕುಕ್ಕರಿನ ಸದ್ದು ನಿಂತಿತು, ಒಲೆ ಆರಿಸಿ ಬಂದಿರಬೇಕು. "ಹೇಳು" ಎಂದಳು.

"ವಿಶಾಖಪಟ್ಟಣಕ್ಕೆ ಬರ್ತೀಯಂತೆ. ನಿಜವಾ?"

"ಯಾರು ಹೇಳಿದ್ದು?"

"ಭಾವ."

"ಅವರು ನನ್ಹತ್ರ ಹೇಳಿದ್ದೇ ಬೇರೆ. ನೀನು ಫೋನಲ್ಲಿ ಗೊಳೋ ಅಂತ ಅತ್ತೆಯಂತೆ, ಅಕ್ಕನ್ನ ಕರ್ಕೊಂಡ್ ಬನ್ನಿ ಅಂದೆಯಂತೆ."

"ನಾನು ಅತ್ತಿಲ್ಲ."

"ಗೊತ್ತು ಬಿಡೆ. ನೀನು ಅಳೋ ಪೈಕಿ ಅಲ್ಲ. ಅದಕ್ಕೇ ನಾನು ಹೂಂ ಅನ್ನಲಿಲ್ಲ."

ಅಕ್ಕನೇ ಮುಂದುವರಿದು, "ಈಗ ಫೋನ್ ಮಾಡಿದ್ಯಲ್ಲ, ವಿಚಾರಿಸೋಕೆ ಮಾಡಿದ್ಯೋ, ಕರೆಯೋಕೆ ಮಾಡಿದ್ಯೋ?" ಎಂದಳು.

ವಿಚಾರಿಸಲು ಮಾಡಿದ್ದೆ. ಅದು ಇಬ್ಬರಿಗೂ ಗೊತ್ತಿತ್ತು. ಬಾ ಅಕ್ಕ ಎನ್ನಲು ಎರಡು ಪದ ಸಾಕಿತ್ತು. ಆದರೆ ಮುಂಜಿಮನೆಯ ಆ ಎಲೆ ಗಂಟಲಲ್ಲಿ ಅಡ್ಡ ನಿಂತಿತು. ಅವಳು ಫೋನಿಟ್ಟಳು, ಕೋಪದಿಂದಲ್ಲ, ಮೆಲ್ಲಗೆ.

ಭಾವನ ಮೇಲೆ ರೇಗಬೇಕೆಂದುಕೊಂಡೆ, ಆಗಲಿಲ್ಲ. ಆ ವೆಬ್‌ಸೈಟಿನವನು ದುಡ್ಡಿಗಾಗಿ ಇಲ್ಲದ ರೂಮನ್ನು ಇದೆ ಎಂದ. ಭಾವ ಇಲ್ಲದ ಮಾತನ್ನು ಇದೆ ಎಂದದ್ದು, ಒಂದು ದಿನ ಅದು ನಿಜವಾಗಲಿ ಎಂದು.

ರೂಮನ್ನು ಬೇಡವೆನ್ನಬಹುದಿತ್ತು. ಹೋದೆ. ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಗೋದಾವರಿ ದಾಟಿದೆ. ಪಕ್ಕದವರು ಬುತ್ತಿ ಬಿಚ್ಚಿ, ತೀಸ್ಕೋಂಡಿ ಎಂದು ಪುಳಿಹೋರ ಮುಂದೆ ಹಿಡಿದರೆ ಬೇಡವೆಂದೆ. ಯಾರಾದರೂ ಬಡಿಸಿದ್ದನ್ನು ಬೇಡ ಎನ್ನುವುದು ನನಗೆ ಅಭ್ಯಾಸವೇ ಆಗಿಹೋಗಿತ್ತು.

ಹೋಟೆಲಿನಲ್ಲಿ ಹೆಸರು ಹೇಳಿದ ಕೂಡಲೇ ಕಾಗದ ಮುಂದಿಟ್ಟರು. ಬುಕಿಂಗ್ ಇತ್ತು. ಸಮುದ್ರವೂ ಇತ್ತು, ಫೋಟೊದಷ್ಟು ನೀಲಿಯಲ್ಲ, ಬೂದು ಬಣ್ಣದ್ದು. ಎರಡು ಮಂಚ, ಎರಡು ಟವೆಲು, ಬೋರಲು ಹಾಕಿದ ಎರಡು ಲೋಟ. ನಾನು ಒಂದು ಮಂಚದ ಅಂಚಿನಲ್ಲಿ ಕೂತು ಇನ್ನೊಂದನ್ನು ನೋಡಿದೆ. ಎಲ್ಲ ಸಾಚಾ ಎಂದು ನಾನೇ ಎರಡೆರಡು ಸಲ ಖಚಿತಪಡಿಸಿಕೊಂಡ ರೂಮು. ಅಷ್ಟು ಒಂಟಿಯಾಗಿ ನಾನು ವಿಜಯವಾಡದ ಗೋಡೆಯ ಮುಂದೆಯೂ ಕೂತಿರಲಿಲ್ಲ. ಅಳು ಬಂತು. ಭಾವ ಹೇಳಿದ್ದು ಅಷ್ಟರಮಟ್ಟಿಗೆ ನಿಜವಾಯಿತು.

ಸಂಜೆಗೆ ಕೆಳಗಿನಿಂದ ಫೋನ್ ಬಂತು. ಅದೇ ನಿಧಾನದ ಹುಡುಗಿ. "ಎರಡನೆಯವರು ಇನ್ನೂ ಬಂದಿಲ್ಲ ಮೇಡಮ್. ಅವರ ಹೆಸರು ತೆಗೆದುಬಿಡಲಾ?"

"ಬೇಡಮ್ಮ, ಇರಲಿ" ಎಂದೆ. ಕನ್ನಡದಲ್ಲೇ ಹೇಳಿಬಿಟ್ಟಿದ್ದೆ. ಅವಳಿಗೆ ಅರ್ಥವಾಯಿತು.

ಆಮೇಲೆ ಹೊರಗಿನ ಲೈನು ಕೇಳಿ ತುಮಕೂರಿನ ಮನೆಗೆ ಮಾಡಿಸಿದೆ. ಭಾವ ಮನೆಯಲ್ಲಿರುವ ಹೊತ್ತು. ಆದರೂ ಎತ್ತಿದ್ದು ಅಕ್ಕನೇ.

"ಅಕ್ಕಾ," ಎಂದೆ, "ಬಾ."

ಈ ಸಲ ಅವಳು ಫೋನಿಡಲಿಲ್ಲ. ನಾನು ವೈರು ಎಳೆದಷ್ಟು ದೂರ ಬಾಲ್ಕನಿಯ ಬಾಗಿಲಿಗೆ ಹೋಗಿ, ರಿಸೀವರನ್ನು ಸಮುದ್ರದ ಕಡೆ ಹಿಡಿದು ನಿಂತೆ.