ಐಎಸ್ ರೇಖೆ ಹಿಂದೆ ಸರಿದ ದಿನ

ನನ್ನದು ಸೇಡಿನ ಸ್ವಭಾವ. ಅದನ್ನು ಮುಚ್ಚಿಟ್ಟುಕೊಂಡು ಸಾಧ್ವಿಯ ಹಾಗೆ ಬರೆಯಲು ನನಗೆ ಬರುವುದಿಲ್ಲ. ಧಾರವಾಡದ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಮನೆಗೆ ಬಂದ ಅತಿಥಿಗೆ ಊಟ ಹಾಕಿ ಕಳಿಸುತ್ತಾರೆ, ನಮ್ಮನ್ನು ರಜೆ ಬಂದ ಕೂಡಲೇ ಸಂಬಳ ನಿಲ್ಲಿಸಿ ಕಳಿಸುತ್ತಾರೆ. ಹಾಗಾಗಿ ನಮ್ಮ ವಿಭಾಗದಲ್ಲಿ ಕಾಯಂ ಹುದ್ದೆಯೊಂದು ಖಾಲಿಯಾದಾಗ ನಾನು ದೇವರಿಗೆ ಹರಕೆ ಹೊತ್ತು ಅರ್ಜಿ ಹಾಕಿದ್ದೆ.

ಆಯ್ಕೆಗೆ ಮಾದರಿ ಪಾಠ ಮಾಡಬೇಕಿತ್ತು. ಎದುರಿಗೆ ಕೂತವರು ಮೂವರು: ಹತ್ತಿ ವ್ಯಾಪಾರದ ಮನೆತನದವರಾದ ಸಂಸ್ಥೆಯ ಅಧ್ಯಕ್ಷರು, ರಸಾಯನಶಾಸ್ತ್ರ ಓದಿದ ಪ್ರಿನ್ಸಿಪಾಲರು, ಮತ್ತು ನಮ್ಮ ವಿಭಾಗದ ಮುಖ್ಯಸ್ಥರು. ವಿಷಯ ಗೊತ್ತಿದ್ದವರು ಎಂದರೆ ಮುಖ್ಯಸ್ಥರೊಬ್ಬರೇ. ಗೊತ್ತಿತ್ತು ಎಂದು ಎಲ್ಲರೂ ನಂಬಿದ್ದರು, ನಾನೂ ನಂಬಿದ್ದೆ.

ನನಗೆ ಬಂದ ಪಾಠ ಐಎಸ್-ಎಲ್ಎಂ ಎಂಬ ಎರಡು ರೇಖೆಗಳ ಚಿತ್ರ. ಬೋರ್ಡಿನ ಮೇಲೆ ಅಡ್ಡಕ್ಕೆ ಉತ್ಪನ್ನ, ಉದ್ದಕ್ಕೆ ಬಡ್ಡಿ ದರ ಬರೆದೆ. ಬಡ್ಡಿ ಇಳಿದರೆ ಉದ್ದಿಮೆಯವರು ಹೆಚ್ಚು ಹೂಡುತ್ತಾರೆ, ಸರಕಿಗೆ ಬೇಡಿಕೆ ಏರುತ್ತದೆ, ಉತ್ಪನ್ನ ಹೆಚ್ಚುತ್ತದೆ. ಸರಕಿನ ಮಾರುಕಟ್ಟೆ ಸಮನಾಗಿರುವ ಈ ಜೋಡಿಗಳೆಲ್ಲ ಸೇರಿ ಕೆಳಗಿಳಿಯುವ ಐಎಸ್ ರೇಖೆ. ಇನ್ನು ಆದಾಯ ಹೆಚ್ಚಿದರೆ ವ್ಯವಹಾರಕ್ಕೆ ಜನರಿಗೆ ಕೈಯಲ್ಲಿ ಹೆಚ್ಚು ಹಣ ಬೇಕು, ಆದರೆ ಕೇಂದ್ರ ಬ್ಯಾಂಕು ಬಿಟ್ಟ ಹಣ ಇದ್ದಷ್ಟೇ ಇದೆ. ಬಡ್ಡಿ ಏರಿದರೆ ಮಾತ್ರ ಹಣದ ಮಾರುಕಟ್ಟೆ ಸಮನಾಗುತ್ತದೆ. ಅದು ಮೇಲೇರುವ ಎಲ್ಎಂ ರೇಖೆ. ಎರಡೂ ಕೂಡುವ ಬಿಂದುವಿನಲ್ಲಿ ಎರಡೂ ಮಾರುಕಟ್ಟೆಗಳು ಒಟ್ಟಿಗೆ ಸಮನಾಗಿ ಬಡ್ಡಿಯನ್ನೂ ಉತ್ಪನ್ನವನ್ನೂ ಗೊತ್ತುಮಾಡುತ್ತವೆ.

ಉದಾಹರಣೆಗೆ ಹುಬ್ಬಳ್ಳಿಯ ಫ್ಲೈಓವರ್ ತೆಗೆದುಕೊಂಡೆ. ಸರ್ಕಾರ ಖರ್ಚು ಮಾಡಿತು, ಐಎಸ್ ಬಲಕ್ಕೆ ಸರಿಯಿತು. ಕೂಲಿ ಕೈಗೆ ಬಂತು, ಅಂಗಡಿಗಳಲ್ಲಿ ವ್ಯಾಪಾರ ಹೆಚ್ಚಿತು, ಹಣದ ಅವಶ್ಯಕತೆ ಏರಿತು, ಬಡ್ಡಿಯೂ ಏರಿತು. ಗಬ್ಬೂರಿನಲ್ಲಿ ಶೆಡ್ ಹಾಕಿಕೊಂಡಿದ್ದವನೊಬ್ಬ ಸಾಲ ತುಟ್ಟಿಯಾಯಿತೆಂದು ಹೊಸ ಮಷೀನು ಕೊಳ್ಳುವುದನ್ನು ಮುಂದಕ್ಕೆ ಹಾಕಿದ. "ಹೀಗೆ ಅರ್ಥವ್ಯವಸ್ಥೆ ಹೊಸ ಐಎಸ್ ರೇಖೆಯ ಮೇಲೆ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ" ಎಂದೆ.

"ರೇಖಿ ಮ್ಯಾಲ ಅಲ್ರಿ ಮೇಡಂ, ರೇಖಿನ ಹಿಂದ ಸರೀತೈತಿ!" ಮುಖ್ಯಸ್ಥರು ಕೈ ಅಡ್ಡ ಹಿಡಿದರು. "ಹೂಡಿಕಿ ಇಳದ ಮ್ಯಾಲ ಐಎಸ್ ಮೊದಲಿದ್ದಲ್ಲಿಗೆ ಬಂದು ನಿಲ್ಲತೈತಿ. ಇಷ್ಟೂ ಗೊತ್ತಿಲ್ಲೇನ್ರಿ?"

ನಾನು ಬಾಯಿ ತೆರೆದೆ. "ಸಾಕ್ರಿ, ಕುಂಡ್ರ್ರಿ" ಎಂದರು. ಆಮೇಲೆ ಅಧ್ಯಕ್ಷರ ಕಡೆ ತಿರುಗಿ, ನನಗೂ ಕೇಳುವ ಹಾಗೆ, "ಕನ್ನಡದಾಗ ಓದಿ ಬಂದವ್ರದು ಇದ ಹಣೆಬರಹ ನೋಡ್ರಿ. ಬುಡಾನ ಗಟ್ಟಿ ಇರೂದಿಲ್ಲ" ಎಂದು ನಕ್ಕರು. ಹುದ್ದೆ ಬೇರೆಯವರಿಗೆ ಹೋಯಿತು.

ಹಾಳಾದದ್ದು, ತಪ್ಪು ಅಡಗಿದ್ದದ್ದು ನಮ್ಮ ಕನ್ನಡದ ಒಂದು ಕ್ರಿಯಾಪದದಲ್ಲಿ. ರೇಖೆ ಜಾಗ ಬಿಟ್ಟರೂ ನಾವು ‘ಸರಿಯಿತು’ ಎನ್ನುತ್ತೇವೆ, ಬಿಂದು ರೇಖೆಯಗುಂಟ ಹೋದರೂ ‘ಸರಿಯಿತು’ ಎನ್ನುತ್ತೇವೆ. ನಡುವೆ ‘ಮೇಲೆ’ ಎಂಬ ಒಂದು ಶಬ್ದ ಇದ್ದರೆ ಪಾಠ ಖರೆ, ಬಿಟ್ಟರೆ ಸುಳ್ಳು. ಆ ಶಬ್ದ ನನ್ನ ಬಾಯಲ್ಲಿತ್ತು. ಅದಕ್ಕಾಗಿಯೇ ನನ್ನ ಪಾಠ ನಿಲ್ಲಿಸಿ ಕಳಿಸಿದರು. ನವನಗರದ ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತೆ. ಅತ್ತು ಮುಗಿದ ಮೇಲೆ ಉಳಿದದ್ದು ಬರೀ ಉರಿ.

ಆ ಉರಿಯನ್ನು ಆರಲು ಬಿಡಲಿಲ್ಲ. ಅದೇ ಮನುಷ್ಯನಿಗೆ ದಿನಾ ನಮಸ್ಕಾರ ಹೇಳುತ್ತ ಅದೇ ಸ್ಟಾಫ್ ರೂಮಿನಲ್ಲಿ ಚಹಾ ಕುಡಿದೆ. ಅವರು ಎಲ್ಲಾದರೂ ಜಾರಲಿ ಎಂದು ಕಾಯುತ್ತಿದ್ದೆ.

ಪ್ರಿನ್ಸಿಪಾಲರು ನಿವೃತ್ತರಾದರು. ಆ ಕುರ್ಚಿಗೆ ನಮ್ಮ ಮುಖ್ಯಸ್ಥರದೇ ಹೆಸರು. ಆದರೆ ಅಧ್ಯಕ್ಷರು ಒಂದು ಪಟ್ಟು ಹಿಡಿದರು: "ಪಾಠ ಮಾಡಾಕ ಬರದವ್ರು ಪ್ರಿನ್ಸಿಪಾಲ್ರಾಗೂದು ಬ್ಯಾಡ. ಎಲ್ಲಾರ ಮುಂದ ಒಂದು ಉಪನ್ಯಾಸ ಕೊಡ್ಲಿ." ವಿಶ್ವವಿದ್ಯಾಲಯದಿಂದ ಅರ್ಥಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರೊಬ್ಬರನ್ನೂ ಕರೆಸಿದರು. ನಮ್ಮ ಮುಖ್ಯಸ್ಥರು ಆರಿಸಿಕೊಂಡ ವಿಷಯ ಐಎಸ್-ಎಲ್ಎಂ. ನನ್ನನ್ನು ಬಡಿದ ಕೋಲಲ್ಲವೇ, ಕೈಗೆ ಹಿತವಾಗಿತ್ತು.

ಉಪನ್ಯಾಸದ ದಿನ ಸಭೆಯಲ್ಲಿ ನನ್ನ ಪಕ್ಕ ಕೂತಿದ್ದ, ಇತಿಹಾಸ ಕಲಿಸುವ ಗೆಳತಿಗೆ ನನ್ನ ಮುಖ ನೋಡಿಯೇ ಗೊತ್ತಾಯಿತು. ನನ್ನ ಸೆರಗು ಹಿಡಿದು ಎಳೆದಳು. "ಏ, ಸುಮ್ನ ಕುಂಡ್ರಬೇ. ಅವ ಮ್ಯಾಲ ಹೋದ್ರ ಅವನ ಜಾಗಾ ಖಾಲಿ ಆಗ್ತೈತಿ. ಅದು ನಿನಗ ಸಿಗೂ ಜಾಗಾ. ಬಾಯಿ ಬಿಟ್ಟೀ ಅಂದ್ರ ಅವನೂ ಇಲ್ಲೇ, ನೀನೂ ಹಿಂಗ."

ಅವಳ ಮಾತು ಪೂರಾ ಖರೆ. ಕಾಯಂ ಕೆಲಸ ನನ್ನಿಂದ ಒಂದು ಮೌನದಷ್ಟು ದೂರದಲ್ಲಿತ್ತು. ನಾನು ಸುಮ್ಮನಿರಬೇಕು ಎಂದೇ ಕೂತೆ, ದೇವರಾಣೆ.

ಮುಖ್ಯಸ್ಥರು ಚೆಂದ ಮಾತಾಡಿದರು. ರೇಖೆಗಳನ್ನು ಎಳೆದರು. ಉದಾಹರಣೆಗೆ ಫ್ಲೈಓವರ್ ಬಂತು. ಗಬ್ಬೂರಿನ ಶೆಡ್ಡೂ ಬಂತು! ನನ್ನ ಶೆಡ್ಡು, ನನ್ನ ಮಷೀನು, ಯಾರಿಂದ ಬಂತೆಂಬ ಒಂದು ಮಾತೂ ಇಲ್ಲದೆ. ಕೊನೆಗೆ "ಹೂಡಿಕೆ ಇಳಿದ ಮೇಲೆ ಐಎಸ್ ರೇಖೆ ಹಿಂದೆ ಸರಿದು ಮೊದಲಿನ ಜಾಗಕ್ಕೆ ಬರುತ್ತದೆ" ಎಂದು ಸೀಮೆಸುಣ್ಣ ಕೆಳಗಿಟ್ಟರು. ಗೆಳತಿ ಕೈ ಹಿಡಿಯುವಷ್ಟರಲ್ಲಿ ನಾನು ಎದ್ದು ನಿಂತಿದ್ದೆ.

"ಸರ್, ಒಂದು ಸಂಶಯ ಐತ್ರಿ. ಐಎಸ್ ಪೂರಾ ಮೊದಲಿದ್ದಲ್ಲಿಗೇ ಬಂತೇನ್ರಿ?"

"ಹೌದ್ರಿ."

"ಎಲ್ಎಂ ಅಂತೂ ಅಳ್ಳಾಡಿಲ್ಲ. ಹಂಗಾದ್ರ ಎರಡೂ ಎಲ್ಲಿ ಕೂಡ್ತಾವ್ರಿ?"

"ಮೊದಲ ಕೂಡಿದ್ದಲ್ಲೇ."

"ಅಲ್ಲಿ ಬಡ್ಡಿ ಎಷ್ಟ್ರಿ?"

ಅವರು ಬೋರ್ಡು ನೋಡಿದರು. "ಮೊದಲಿನಷ್ಟ."

"ಬಡ್ಡಿ ಏರಲೇ ಇಲ್ಲ ಅಂದ್ರ, ಗಬ್ಬೂರಿನವ ಮಷೀನ್ ತೊಗೊಳ್ಳೂದ್ಯಾಕ ಬಿಟ್ಟ್ರಿ ಸರ್?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಧ್ಯಕ್ಷರು ಕುರ್ಚಿಯಲ್ಲಿ ಮುಂದೆ ಬಾಗಿ, "ಏರ್ತೋ ಇಲ್ಲೋ, ಒಂದ ಹೇಳ್ರಿ" ಎಂದರು. ಪ್ರಾಧ್ಯಾಪಕರು ನನ್ನನ್ನು ಬೋರ್ಡಿಗೆ ಕರೆದರು.

ಹೋದೆ. ರೇಖೆ ಹಿಂದೆ ಸರಿಯಿತೆಂದು ಅವರು ಹಾಕಿದ್ದ ಬಾಣವನ್ನು ಅಂಗೈಯಿಂದಲೇ ಒರೆಸಿದೆ. "ಯಾವ ಬಡ್ಡಿಗೆ ಎಷ್ಟು ಹೂಡಿಕಿ ಅನ್ನೂದು ಐಎಸ್ ರೇಖಿಯೊಳಗ ಮೊದಲ ಸೇರೈತ್ರಿ. ಬಡ್ಡಿ ಏರಿದ್ರ ರೇಖಿ ಜಾಗಾ ಬಿಡೂದಿಲ್ಲ, ನಾವು ಅದರ ಮ್ಯಾಲ ಮ್ಯಾಲಕ್ಕ, ಎಡಕ್ಕ ಹೋಗ್ತೇವಿ. ಬಡ್ಡಿ ಏರದಿದ್ರ ಉತ್ಪನ್ನ ಬಲಕ್ಕ ಇಲ್ಲೀತನಾ ಹೋಗ್ತಿತ್ತು. ಏರಿದ್ದಕ್ಕ ನಡುವ ಇಲ್ಲೇ ನಿಂತೈತಿ. ಆದ್ರೂ ಮೊದಲಿಗಿಂತ ಉತ್ಪನ್ನಾನೂ ಹೆಚ್ಚು, ಬಡ್ಡಿನೂ ಹೆಚ್ಚು."

"ನಾನೂ ಅದನ್ನ ಹೇಳಿದ್ದು" ಎಂದರು ಮುಖ್ಯಸ್ಥರು. "ಸರೀತೈತಿ ಅಂದೆ."

"ರೇಖಿ ಸರೀತೈತಿ ಅಂದ್ರಿ ಸರ್. ರೇಖಿ ಮ್ಯಾಲ ಸರೀತೈತಿ ಅಂದಾಕಿನ್ನ ‘ಬುಡಾನ ಗಟ್ಟಿ ಇಲ್ಲ’ ಅಂತ ಇದ ಅಧ್ಯಕ್ಷರ ಮುಂದ ಕಳಿಸಿದ್ರಿ."

ಅವರ ಮುಖ ಕಪ್ಪಿಟ್ಟಿತು. ಆ ಮುಖವನ್ನು ನಾನು ಕಣ್ತುಂಬ ನೋಡಿದೆ. ಪಾಪ ಎನಿಸಲಿಲ್ಲ, ಈಗಲೂ ಎನಿಸುವುದಿಲ್ಲ.

ಪ್ರಿನ್ಸಿಪಾಲರ ಕುರ್ಚಿ ಹೊರಗಿನವರಿಗೆ ಹೋಯಿತು. ಗೆಳತಿ ಹೇಳಿದಂತೆಯೇ ನಮ್ಮ ವಿಭಾಗದಲ್ಲಿ ಯಾವ ಜಾಗವೂ ಖಾಲಿಯಾಗಲಿಲ್ಲ. ಮುಖ್ಯಸ್ಥರು ನಿವೃತ್ತರಾಗುವ ಹೊತ್ತಿಗೆ ಅರ್ಜಿ ಹಾಕುವ ನನ್ನ ವಯಸ್ಸು ಮೀರಿರುತ್ತದೆ. "ಹುಚ್ಚಿ ಅದಿ ನೀ" ಎಂದು ಅವಳು ನನ್ನ ಪರವಾಗಿ ಅತ್ತಳು.

ಹೊಸ ಸೆಮಿಸ್ಟರಿನ ಮೊದಲ ದಿನ ಮುಖ್ಯಸ್ಥರು ವೇಳಾಪಟ್ಟಿಯನ್ನು ನನ್ನ ಮೇಜಿನ ಮೇಲೆ ಒಗೆದರು. "ಇನ್ನ ಮ್ಯಾಲ ಐಎಸ್-ಎಲ್ಎಂ ನೀವ ಮಾಡ್ರಿ. ಅತಿಥಿಯಾಗೇ ಮಾಡ್ಕೋತ ಇರ್ರಿ, ಕಡೀತನಾ."

"ಆಗ್ಲ್ರಿ ಸರ್" ಎಂದೆ. "ಹಿಂದಿನ ಬೆಂಚ್ ಖಾಲಿ ಇಡ್ತೇನಿ. ನೀವೂ ಬಂದು ಕುಂಡ್ರ್ರಿ."