ಪಕ್ಕದ ಬೋರ್ಡಿನ ನಂಬರು

ಹೊನ್ನಾವರದ ಅಕ್ಕನ ಮಳಿಗೆಯನ್ನು ಟೈಲ್ಸ್ ವ್ಯಾಪಾರಿಯೊಬ್ಬರು ಬಾಡಿಗೆಗೆ ಹಿಡಿದಾಗ, ಬಿಲ್ಲಿಗೆ ಅವರ ಜಿಎಸ್‌ಟಿ ನಂಬರು ಬರೆದು ತರುವ ಕೆಲಸ ನನ್ನ ಪಾಲಿಗೆ ಬಂತು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಅವರ ಅಂಗಡಿಯದೇ ಎಂದುಕೊಂಡು ಪಕ್ಕದ ಬೇಕರಿಯ ಬೋರ್ಡು ನೋಡಿ ಬರೆದುಕೊಂಡೆ.

ಮರುತಿಂಗಳು ವ್ಯಾಪಾರಿ ಬಂದರು. "ಅಕ್ಕಾ, ಬಾಡಿಗೆಯ ಮೇಲೆ ನೂರಕ್ಕೆ ಹದಿನೆಂಟು ಟ್ಯಾಕ್ಸ್ ಕೊಟ್ಟೆ. ನಮ್ಮ ಪೋರ್ಟಲ್ಲಿನಲ್ಲಿ ಅದು ಕಾಣೂದೇ ಇಲ್ಲ. ನಾ ಕಟ್ಟೂ ಟ್ಯಾಕ್ಸಿನಲ್ಲಿ ಕಳೆಯೂದು ಹೇಗೆ? ಹೀಗಾದ್ರೆ ಮಳಿಗೆ ಬಿಡಬೇಕಾಗ್ತದೆ."

ಅಕ್ಕ ತನ್ನ ಟ್ಯಾಕ್ಸ್ ಲೆಕ್ಕ ನೋಡುವ ಹುಡುಗನಿಗೆ ಫೋನು ಹಚ್ಚಿ, "ಎಂತ ಮಾರಾಯ, ನಿದ್ದೆಯಲ್ಲಿ ರಿಟರ್ನ್ ತುಂಬಿದ್ಯಾ?" ಎಂದು ಬೈದಳು. ನನಗೆ ಆಗಲೇ ಬೇಕರಿಯ ಬೋರ್ಡು ನೆನಪಾಗಿತ್ತು. ಆದರೂ ಚಹಾ ಕುಡಿಯುತ್ತ ಹೌದೆಂದು ತಲೆಯಾಡಿಸಿದೆ.

ಎರಡು ದಿನ ಬಿಟ್ಟು ಬೇಕರಿಯವರು ನಗುತ್ತ ಬಂದರು. "ಅಕ್ಕಾ, ನಿಮ್ಮ ಬಾಡಿಗೆ ಬಿಲ್ಲು ನನ್ನ ಪೋರ್ಟಲ್ಲಿಗೆ ಬಂದದೆ. ನಾ ಯಾವಾಗ ನಿಮ್ಮ ಮಳಿಗೆಗೆ ಬಂದೆ?"

ಆಗ ಒಪ್ಪಿಕೊಂಡೆ.

"ಆತು ತಮ್ಮಾ, ಮೊದಲು ಆ ಹುಡುಗನ ಹತ್ರ ತಪ್ಪಾಯ್ತು ಅನ್ನು" ಎಂದಳು ಅಕ್ಕ.

ಅವನು ಮುಂದಿನ ರಿಟರ್ನಿನಲ್ಲಿ ನಂಬರು ತಿದ್ದಿದ, ವ್ಯಾಪಾರಿಗೆ ಕೊಟ್ಟ ಟ್ಯಾಕ್ಸಿನ ಕ್ರೆಡಿಟ್ ಸಿಕ್ಕಿತು, ಮಳಿಗೆಯೂ ಉಳಿಯಿತು. ನಾನು ಅವನಿಗೆ ಅದೇ ಬೇಕರಿಯ ಕೇಕು ಒಯ್ದುಕೊಟ್ಟೆ. ಬೇಕರಿಯವರು ಬರದಿದ್ದರೆ ಬಾಯಿ ಬಿಡುತ್ತಿದ್ದೆನೇ? ನನಗೇ ನಂಬಿಕೆ ಇಲ್ಲ.