ಮೂರನೆಯ ವಾರ ಕೇಳಿದ ಹೆಸರು

ಮಾವ ತೀರಿಕೊಂಡ ಮೂರನೆಯ ಭಾನುವಾರ ಅವರ ಹೆಸರಿನಲ್ಲಿ ನೀರು ಬಿಡುತ್ತಿದ್ದೆವು. ಆಗ ದೊಡ್ಡಪ್ಪ ತುಟಿಯೊಳಗೇ ಇನ್ನೊಂದು ಹೆಸರು ಹೇಳಿದರು. ಅದು ಹೆಂಗಸಿನ ಹೆಸರು. ತಟ್ಟೆ ಹಿಡಿದು ಪಕ್ಕದಲ್ಲೇ ಕೂತಿದ್ದ ನನ್ನನ್ನು ಬಿಟ್ಟು ಬೇರೆ ಯಾರಿಗೂ ಕೇಳಿಸಿರಲಾರದು.

ದೊಡ್ಡಪ್ಪ ಎಂದರೆ ರಕ್ತಸಂಬಂಧಿಯಲ್ಲ. ಮಾವನ ಜೊತೆ ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಇಬ್ಬರೂ ಒಂದೇ ದಿನ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದರು. ನನ್ನ ಗಂಡ ಚಿಕ್ಕಂದಿನಿಂದ ಅವರನ್ನು ಹಾಗೇ ಕರೆಯುತ್ತಿದ್ದರಿಂದ ನನಗೂ ಅವರು ದೊಡ್ಡಪ್ಪನೇ. ನಾನು ಆಯನೂರು ಕಡೆಯ ಒಕ್ಕಲು ಮನೆಯವಳು, ಜಾತಿ ಬಿಟ್ಟು ಪ್ರೀತಿಸಿ ಮದುವೆಯಾದವಳು. ನಾವು ಶಿವಮೊಗ್ಗದ ವಿದ್ಯಾನಗರದಲ್ಲಿದ್ದೆವು, ಅಲ್ಲೇ ಒಂದು ಸ್ಕೂಲಿನಲ್ಲಿ ನಾನು ಟೀಚರ್; ಅತ್ತೆ ಮಾವ ಭದ್ರಾವತಿಯ ಕಾಗದನಗರದ ಪಕ್ಕದಲ್ಲಿ. ಮದುವೆಯಾಗಿ ಹನ್ನೆರಡು ವರ್ಷವಾದರೂ ಆ ಮನೆಯ ಪಾಲಿ ಭಾಷೆಯ ಪಠಣ ನನ್ನ ಬಾಯಿಗೆ ಹತ್ತಿರಲಿಲ್ಲ.

ಮಾವನನ್ನು ಮಣ್ಣು ಮಾಡಿದ ದಿನ ಭಿಕ್ಷುಗಳು ಯಾರೂ ಸಿಗಲಿಲ್ಲ. ದೊಡ್ಡಪ್ಪನೇ ಬಿಳಿ ಬಟ್ಟೆಯುಟ್ಟು ಬಂದು, ನಮ್ಮೆಲ್ಲರಿಗೂ ತ್ರಿಸರಣ ಪಂಚಶೀಲ ಹೇಳಿಕೊಟ್ಟು, ಹುಟ್ಟಿದ್ದೆಲ್ಲ ಅಳಿಯುತ್ತದೆ ಎನ್ನುವ ಗಾಥೆ ಪಠಿಸಿದರು. ಆಮೇಲೆ ಅತ್ತೆಯ ಹತ್ತಿರ, "ಏಳು ವಾರ ಮಾಡೋಣ. ಪ್ರತಿ ಭಾನುವಾರ ನಾನೇ ಬರ್ತೀನಿ" ಅಂದರು. ನನಗೆ ಅಲ್ಲೇ ಏನೋ ಕುಟುಕಿತು. ನಮಗೆ ಗೊತ್ತಿದ್ದ ಬೌದ್ಧ ಮನೆಗಳಲ್ಲಿ ಏಳನೆಯ ದಿನಕ್ಕೆ ದಾನ ಮಾಡಿ ಮುಗಿಸುತ್ತಿದ್ದರು. ಇವರಿಗ್ಯಾಕೆ ಏಳು ವಾರದ ಉತ್ಸಾಹ?

ಪ್ರತಿ ಭಾನುವಾರ ನಡೆಯುತ್ತಿದ್ದದ್ದು ಇಷ್ಟು. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಬುದ್ಧನ ಮೂರ್ತಿ, ಅದಕ್ಕಿಂತ ಕೆಳಗೆ ಸ್ಟೂಲಿನ ಮೇಲೆ ಮಾವನ ಫೋಟೊ. ಮೇಣದ ಬತ್ತಿ, ಊದುಬತ್ತಿ, ಹೂವು. ಫೋಟೊ ಮುಂದೆ ಎಡೆ ಇಡುವಂತಿಲ್ಲ. ಮೊದಲ ವಾರ ನಾನು ರೂಢಿಯಿಂದ ಬಾಳೆಲೆ ಹಾಸಲು ಹೋದಾಗ ದೊಡ್ಡಪ್ಪ ತಡೆದಿದ್ದರು. "ಸತ್ತೋರು ಬಂದು ಉಣ್ಣಲ್ಲಮ್ಮ. ಬದುಕಿರೋರಿಗೆ ಕೊಟ್ಟು, ಅದರ ಪುಣ್ಯ ಅವರಿಗೆ ಸೇರಲಿ ಅನ್ನಬೇಕು. ಅವರು ಅದನ್ನ ಕಂಡು ಸಂತೋಷಪಟ್ಟರೆ ಅದೇ ಅವರಿಗೆ ಊಟ." ಹಾಗಾಗಿ ಅತ್ತೆ ಮಾಡಿದ ಅಡುಗೆಯನ್ನು ಬೀದಿ ಗುಡಿಸುವ ಹೆಂಗಸರಿಗೆ ಬಡಿಸುತ್ತಿದ್ದೆವು. ಪಠಣದ ಕೊನೆಗೆ ತಟ್ಟೆಯೊಳಗೆ ಒಂದು ಬಟ್ಟಲಿಟ್ಟು, ಮನೆಯವರೆಲ್ಲ ಒಂದೇ ತಂಬಿಗೆಗೆ ಕೈ ಹಚ್ಚಿ, ಬಟ್ಟಲು ತುಂಬಿ ತಟ್ಟೆಗೆ ಹರಿಯುವವರೆಗೂ ನೀರು ಬಿಡುತ್ತಿದ್ದೆವು. "ಇದಂ ಮೇ ಞಾತೀನಂ ಹೋತು" ಎಂದು ಮೂರು ಸಲ. ಈ ಪುಣ್ಯ ನನ್ನ ಬಂಧುಗಳಿಗೆ ಸಲ್ಲಲಿ ಎಂದರ್ಥ. ಆಮೇಲೆ ಮಾವನ ಹೆಸರು.

ಆ ಹೆಸರಿನ ಬೆನ್ನಿಗೇ ಇನ್ನೊಂದು ಹೆಸರು ಬಂದದ್ದು.

ವಾಪಸ್ ಬರುವಾಗ ಸ್ಕೂಟರಿನಲ್ಲೇ ಗಂಡನಿಗೆ ಹೇಳಿದೆ. "ನಿಂಗೆ ಎಲ್ಲದರಲ್ಲೂ ಅನುಮಾನ ಮಾರಾಯ್ತಿ" ಅಂದ. ಆದರೆ ಸ್ವಲ್ಪ ದೂರ ಹೋಗಿ, "ಸರಿಯಾಗಿ ಕೇಳಿಸ್ತಾ ನಿಂಗೆ?" ಎಂದ. ಅವನ ಮನಸ್ಸಿನಲ್ಲೂ ನನ್ನ ಮನಸ್ಸಿನಲ್ಲಿದ್ದದ್ದೇ ಓಡುತ್ತಿದೆ ಎಂದು ಗೊತ್ತಾಯಿತು. ಮಾವನಿಗೆ ಇನ್ನೊಂದು ಸಂಬಂಧವಿತ್ತೇ? ಗೆಳೆಯ ಅದನ್ನು ಕಾಪಾಡಿಕೊಂಡು ಬಂದಿದ್ದನೇ?

ನಾಲ್ಕನೆಯ ವಾರ ಕಿವಿಗೊಟ್ಟು ಕೂತೆ. ಅದೇ ಹೆಸರು. ಅತ್ತೆಯ ಮುಖ ನೋಡಿದೆ. ಅವರು ಕಣ್ಣು ಮುಚ್ಚಿದ್ದರು. ಪಾತ್ರೆ ತೊಳೆಯುವಾಗ ಸುಮ್ಮನೆ ಕೇಳುವವಳ ಹಾಗೆ ಆ ಹೆಸರು ಹೇಳಿ, "ಅತ್ತೆ, ಮಾವನ ಕಡೆ ಈ ಹೆಸರಿನೋರು ಯಾರಾದ್ರೂ ಇದ್ರಾ?" ಎಂದೆ. ಅವರ ಕೈ ನಿಂತಿತು. "ಯಾಕೆ? ಯಾರು ಏನಂದ್ರು?" ಎಂದು ನನ್ನನ್ನೇ ದಿಟ್ಟಿಸಿದರು. ಆಮೇಲೆ ತೊಳೆದ ತಪ್ಪಲೆಯನ್ನೇ ಮತ್ತೆ ತೊಳೆಯತೊಡಗಿದರು. ನಾನು ಸಂಜೆ ಅವರ ಟ್ರಂಕಿನ ಹಳೆಯ ಫೋಟೊಗಳನ್ನೆಲ್ಲ ಕದ್ದು ನೋಡಿದೆ. ದೀಕ್ಷೆಯ ದಿನದ ಗುಂಪಿನ ಚಿತ್ರದಲ್ಲಿದ್ದ ಬಿಳಿ ಸೀರೆಯ ಒಬ್ಬೊಬ್ಬ ಹೆಂಗಸನ್ನೂ ಸಂಶಯದಿಂದ ನೋಡಿದೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಐದನೆಯ ವಾರ ಇನ್ನೊಂದು ಕಂಡೆ. ತಟ್ಟೆಯ ನೀರನ್ನು ಹಿತ್ತಲಿನ ಹೊಂಗೆ ಮರದ ಬುಡಕ್ಕೆ ಹಾಕುವುದು ಕ್ರಮ. ದೊಡ್ಡಪ್ಪ ಅರ್ಧ ಹಾಕಿ, ಉಳಿದದ್ದನ್ನು ಔಷಧಿಯ ಸಣ್ಣ ಬಾಟಲಿಗೆ ತುಂಬಿ ಜುಬ್ಬಾದ ಜೇಬಿಗೆ ಇಳಿಸಿದರು. ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ.

ಆರನೆಯ ವಾರ ಮೊಸರು ತರುತ್ತೇನೆಂದು ಹೇಳಿ ಅವರ ಹಿಂದೆಯೇ ಹೊರಟೆ. ಅವರು ಮನೆಯ ದಾರಿ ಹಿಡಿಯದೆ ಹೊಳೆಯ ದಂಡೆಯ ಮಸಣದ ಕಡೆ ತಿರುಗಿದರು. ಮಾವನನ್ನು ಹೂತದ್ದೂ ಅಲ್ಲೇ. ಆದರೆ ಅವರು ಮಾವನ ಗುಂಡಿಯನ್ನು ದಾಟಿ ಇನ್ನೂ ಮುಂದೆ ಹೋಗಿ, ಹುಲ್ಲು ಬೆಳೆದ ಒಂದು ದಿಬ್ಬದ ಹತ್ತಿರ ಕುಕ್ಕುರುಗಾಲಲ್ಲಿ ಕೂತು, ಬಾಟಲಿಯ ನೀರನ್ನು ನಿಧಾನಕ್ಕೆ ಬಿಟ್ಟರು.

"ದೊಡ್ಡಪ್ಪ, ಯಾರದು?" ನನ್ನ ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿತ್ತು.

ಅವರು ಬೆಚ್ಚಿ ತಿರುಗಿದರು. ಬಾಟಲಿ ಬಚ್ಚಿಡಲು ನೋಡಿ, ಆಮೇಲೆ ಆ ಪ್ರಯತ್ನ ಬಿಟ್ಟರು.

"ನನ್ನ ಮನೆಯವಳು ಕಣಮ್ಮ."

ದೊಡ್ಡಮ್ಮ ಹೋದ ವರ್ಷ ತೀರಿಕೊಂಡದ್ದು ನನಗೆ ಗೊತ್ತಿತ್ತು. ಎಲ್ಲರೂ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರಿಂದ ನನಗಾಗಲಿ ಗಂಡನಿಗಾಗಲಿ ಹೆಸರು ಮಾತ್ರ ಗೊತ್ತಿರಲಿಲ್ಲ.

"ಅವಳೂ ದೀಕ್ಷೆ ತಗೊಂಡೋಳೇ. ಮಕ್ಕಳು ಕೇಳಲಿಲ್ಲ. ಹೆಂಡ್ತಿಯರ ಮನೆಯೋರು ಏನಂತಾರೋ ಅಂತ ಅವರಿಗೆ ಹೆದರಿಕೆ. ತಲೆ ಬೋಳಿಸಿಕೊಂಡು, ಎಡೆ ಇಟ್ಟು, ಕಾಗೆ ಕರೆದು, ಎಲ್ಲಾ ಅವರಿಷ್ಟದಂತೆ ಮಾಡಿದ್ರು. ಒಂದು ಗಾಥೆ ಹೇಳ್ತೀನಿ ಅಂದ್ರೆ ನನ್ನನ್ನ ಕೋಣೆಯಿಂದ ಆಚೆ ಬಿಡಲಿಲ್ಲ. ಊರಲ್ಲಿ ಎಲ್ಲರ ಮನೇಲೂ ಪಠಣ ಮಾಡಿದೋನು ನಾನು. ಅವಳಿಗೆ ಮಾಡೋಕಾಗಲಿಲ್ಲ." ಬಾಟಲಿಯ ಮುಚ್ಚಳ ತಿರುಗಿಸುತ್ತಾ, "ನೀರನ್ನ ಗುಂಡಿಗೆ ತರೋದು ನಮ್ಮ ಧಮ್ಮದಲ್ಲಿಲ್ಲ. ಗೊತ್ತು. ಆದ್ರೂ ಮನಸ್ಸು ತಡೀಲಿಲ್ಲ" ಎಂದರು.

ನಿಜ ಹೇಳಬೇಕೆಂದರೆ, ಅಲ್ಲಿ ನಿಂತಾಗಲೂ ನನ್ನೊಳಗೆ ಒಂದು ಸಣ್ಣ ಲೆಕ್ಕಾಚಾರ ನಡೆದಿತ್ತು. ನಮ್ಮ ಮಾವನ ಪಾಲಿನದನ್ನು ಇವರು ಹೇಳದೆ ಕೇಳದೆ ಹಂಚಿಕೊಂಡರಲ್ಲ ಎಂದು.

ಏಳನೆಯ ವಾರ ಬೆಳಗಿನ ರೈಲಿಗೆ ಇಬ್ಬರು ಭಿಕ್ಷುಗಳು ಬಂದರು. ಅವರ ಊಟ ಮಧ್ಯಾಹ್ನ ಹನ್ನೆರಡರೊಳಗೆ ಮುಗಿಯಬೇಕು. ಅದಕ್ಕೇ ಅತ್ತೆ ಕೋಳಿ ಕೂಗುವ ಮೊದಲೇ ಎದ್ದಿದ್ದರು. ಪ್ರತಿಯೊಂದನ್ನೂ ಕೈಯಾರೆ ಎತ್ತಿ ಕೊಟ್ಟರೆ ಮಾತ್ರ ಅವರು ಮುಟ್ಟುವುದು. ಅನ್ನ, ಸಾರು, ಪಲ್ಯ, ನೀರಿನ ಲೋಟವನ್ನೂ ಎರಡೂ ಕೈಯಲ್ಲಿ ಕೊಟ್ಟೆವು. ಊಟವಾದ ಮೇಲೆ ಅವರು ಹೊದೆಯುವ ಚೀವರದ ಬಟ್ಟೆ, ಸೋಪು, ಔಷಧಿ ಅರ್ಪಿಸಿದೆವು. ನೀರು ಬಿಡುವ ಮೊದಲು ನಾನೇ ಕೇಳಿದೆ.

"ಭಂತೇಜಿ, ಒಬ್ಬರಿಗೆ ಅಂತ ಮಾಡಿದ ದಾನದ ಪುಣ್ಯ ಇನ್ನೊಬ್ಬರಿಗೂ ಕೊಟ್ರೆ ಮೊದಲಿನೋರಿಗೆ ಕಡಿಮೆ ಆಗುತ್ತಾ?"

ದೊಡ್ಡಪ್ಪ ತಲೆ ತಗ್ಗಿಸಿದರು. ಹಿರಿಯ ಭಿಕ್ಷು ನನ್ನನ್ನು ನೋಡಿ, "ಹಂಚೋದೂ ಒಂದು ಪುಣ್ಯವೇ. ಕಡಿಮೆ ಹೇಗಾಗುತ್ತೆ? ಯಾರ ಹೆಸರು ಹೇಳಬೇಕು ಹೇಳಿ" ಎಂದರು.

ನಾನು ಎರಡೂ ಹೆಸರು ಹೇಳಿದೆ. ದೊಡ್ಡಪ್ಪನ ಕೈಹಿಡಿದು ತಂಬಿಗೆಗೆ ಹಚ್ಚಿದೆ. ಅವರು ತಂಬಿಗೆಯನ್ನು ಅವಸರವಾಗಿ ಬಾಗಿಸಿದ್ದರಿಂದ ನೀರು ಬಟ್ಟಲಿಗಿಂತ ನನ್ನ ಸೀರೆಗೇ ಹೆಚ್ಚು ಬಿತ್ತು.

ಎಲ್ಲರೂ ಹೋದ ಮೇಲೆ ಅತ್ತೆ, "ನಂಗೆ ಮೊದಲ ವಾರದಿಂದ ಗೊತ್ತಿತ್ತು. ನಾನೇ ಹೇಳಿದ್ದೆ, ನಮ್ಮ ಮನೇಲೇ ಅವಳ ಹೆಸರೂ ಸೇರಿಸಿ ನೀರು ಬಿಡಿ ಅಂತ" ಎಂದರು.

"ನನಗೆ ಒಂದು ಮಾತು ಹೇಳಬಾರದಿತ್ತಾ ಅತ್ತೆ?"

"ಅವರ ಸೊಸೆ ನಿನ್ನ ಸ್ಕೂಲಲ್ಲೇ ಟೀಚರ್ ಅಲ್ವಾ? ನೀನು ಅವಳ ಕಿವಿಗೆ ಹಾಕ್ತೀಯ ಅಂದ್ಕೊಂಡೆ. ಎಷ್ಟಾದರೂ ನೀನೂ ಎಡೆ ಇಡೋ ಆ ಕಡೆಯೋಳು."

ಹನ್ನೆರಡು ವರ್ಷದ ನಂತರವೂ ಅವರಿಗೆ ನಾನು ಆ ಕಡೆಯವಳೇ. ಕೋಪ ಬಂದದ್ದು ನಿಜ. ಆದರೆ ಅವರ ಟ್ರಂಕು ಕೆದಕಿದವಳು ನಾನೇ ಎಂದೂ ನೆನಪಾಯಿತು. ಆ ವಿಷಯವನ್ನು ಅವರಿಗೆ ಇವತ್ತಿಗೂ ಹೇಳಿಲ್ಲ. ಗೊತ್ತಿದ್ದೂ ಸುಮ್ಮನಿದ್ದಾರೋ ಏನೋ.